ನಾನು ಮಾವಶಿಯ ಕೆಲಸ ಕಲಿತದ್ದು

ಇಂಜಿನಿಯರಿಂಗ್ ಮುಗಿಸಿದಾಗ ನನ್ನ ಕೈಯಲ್ಲಿ ಒಂದು ಆಫರ್ ಲೆಟರ್ ಇತ್ತು. ಅದರಲ್ಲಿ ಕೆಲಸಕ್ಕೆ ಸೇರುವ ದಿನಾಂಕ ಮಾತ್ರ ಇರಲಿಲ್ಲ. ತಿಳಿಸುತ್ತೇವೆ ಎಂದು ಮೂರು ಸಲ ಮೇಲ್ ಬಂತು. ನಾಲ್ಕನೆಯ ಸಲ ಬಂದದ್ದು ಎರಡೇ ಸಾಲು: ಈಗಿನ ಪರಿಸ್ಥಿತಿಯಲ್ಲಿ ನೇಮಕಾತಿಯನ್ನು ರದ್ದು ಮಾಡಲಾಗಿದೆ, ನಿಮಗೆ ಶುಭವಾಗಲಿ. ಅಷ್ಟರಲ್ಲಿ ನಮ್ಮ ನಂತರದ ತಂಡವೂ ಪಾಸಾಗಿ ಹೊರಗೆ ಬಂದಿತ್ತು. ಪುಣೆಯ ಹಿಂಜವಡಿಯ ಐಟಿ ಕಂಪನಿಗಳ ಗೇಟಿನಲ್ಲಿ ಹೊಸಬರೂ ನಾವೂ ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದೆವು. ಒಳಗೆ ಕರೆದವರು ಎರಡು ವರ್ಷದ ಅನುಭವ ಕೇಳುತ್ತಿದ್ದರು.

ದಾಪೋಡಿಯಲ್ಲಿ ನಮ್ಮದು ಎರಡು ಕೋಣೆಯ ಮನೆ. ಅಪ್ಪ ಧಾರವಾಡದ ಕಡೆಯಿಂದ ಹುಡುಗನಾಗಿದ್ದಾಗಲೇ ಪುಣೆಗೆ ಬಂದವರು, ಒಂದು ಪ್ರೆಸ್ಸಿನ ಬೈಂಡಿಂಗ್ ವಿಭಾಗದಲ್ಲಿ ಕೆಲಸ. ಅವರು ನನ್ನನ್ನು ಬೈಯಲಿಲ್ಲ. ನೌಕರಿ ಕೊಡುವವರು ಇಲ್ಲವಾದರೆ ನಿನಗೆ ಬರುವ ಕೆಲಸವನ್ನೇ ನಾಲ್ಕು ಜನರಿಗೆ ಮಾಡಿಕೊಡು, ಬೈಂಡಿಂಗಿನವರೂ ಹಾಗೇ ಬದುಕುತ್ತಾರೆ ಅಂದರು. ಆ ಮಾತು ನನಗೆ ಹಿಡಿಸಿತು. ವೆಬ್‌ಸೈಟ್ ಮಾಡಿಕೊಡುತ್ತೇನೆ ಎಂದು ಒಂದು ಕಾರ್ಡು ಅಚ್ಚು ಹಾಕಿಸಿಕೊಂಡು ಅಂಗಡಿ ಅಂಗಡಿ ತಿರುಗತೊಡಗಿದೆ.

ಶಿವಾಜಿನಗರದಲ್ಲಿ ಹೋಟೆಲು ಇಟ್ಟಿದ್ದ ಕುಂದಾಪುರ ಕಡೆಯ ಹಿರಿಯರೊಬ್ಬರು ನಾನು ಕನ್ನಡದವಳು ಎಂದು ಕಾಫಿ ಕೊಟ್ಟು ಕೂರಿಸಿದರು. ಗಿರಾಕಿ ಮೊಬೈಲಿನ ನಕಾಶೆ ನೋಡಿ ಬರುತ್ತಾನೆ, ಫೋಟೋ ನೋಡಿ ಬರುತ್ತಾನೆ, ವೆಬ್‌ಸೈಟು ನೋಡಿ ಇಡ್ಲಿ ತಿನ್ನಲು ಬಂದವನನ್ನು ನಾನು ಕಂಡಿಲ್ಲ ಅಂದರು. ತಮಾಷೆಗೆ ಹೇಳಿದ್ದಲ್ಲ, ಇದ್ದದ್ದನ್ನೇ ಹೇಳಿದ್ದರು. ಒಬ್ಬ ದಂತವೈದ್ಯರು ಮಾತ್ರ ಮಾಡಿಸಿಕೊಂಡರು. ಆಮೇಲೆ ಆರು ತಿಂಗಳು ವಾರಕ್ಕೊಮ್ಮೆ ಅದೇ ದುಡ್ಡಿನಲ್ಲಿ ಫೋಟೋ ಬದಲಿಸಿ ಕೊಡು ಎಂದು ಕರೆಯುತ್ತಿದ್ದರು. ಎಲ್ಲಿಗೆ ನನ್ನ ಕೆಲಸ ಮುಗಿಯುತ್ತದೆ ಎಂದು ಮೊದಲೇ ಬರೆದುಕೊಳ್ಳಬೇಕಿತ್ತು. ನನಗೆ ಅದು ತಿಳಿದಿರಲಿಲ್ಲ.

ಬಳಿಕ ಕಾಲೇಜಿನ ಹುಡುಗರಿಗೆ ಕೊನೆಯ ವರ್ಷದ ಪ್ರಾಜೆಕ್ಟ್ ಮಾಡಿಕೊಡುವ ಕೆಲಸ ತಾನಾಗಿ ಹುಡುಕಿಕೊಂಡು ಬಂತು. ಮೂರು ಮಾಡಿದೆ. ಮೂರನೆಯದನ್ನು ಒಪ್ಪಿಸುವ ದಿನ ಆ ಹುಡುಗಿಗೆ ಅರ್ಥ ಮಾಡಿಸಲು ಕೂತಾಗ ಅವಳಿಗೆ ಅದರ ಮೊದಲ ಸಾಲೂ ತಿಳಿಯಲಿಲ್ಲ. ಮುಂದಿನ ವರ್ಷ ಇವಳೂ ಅದೇ ಗೇಟಿನ ಸಾಲಿಗೆ ಬರುತ್ತಾಳೆ, ನನಗಿಂತ ಕಡಿಮೆ ಕಲಿತು ಬರುತ್ತಾಳೆ ಅನ್ನಿಸಿತು. ಅಲ್ಲಿಗೆ ಅದನ್ನು ಬಿಟ್ಟೆ. ಬಿಟ್ಟ ಮೇಲೆ ಮನೆಯಲ್ಲಿ ಕೂತೆ. ಮಧ್ಯಾಹ್ನದ ಹೊತ್ತು ಅವ್ವ ನಾನು ಕೂತ ಕೋಣೆಯ ಬಾಗಿಲನ್ನು ಸದ್ದಿಲ್ಲದೆ ಮುಂದಕ್ಕೆ ಮಾಡಿ ಹೋಗುತ್ತಿದ್ದಳು, ರೋಗಿ ಮಲಗಿದ ಮನೆಯಲ್ಲಿ ಮಾಡುವ ಹಾಗೆ.

ನಮ್ಮ ಮೇಲಿನ ಮಹಡಿಯಲ್ಲಿ ಬೆಳಗಾವಿಯ ಹೆಂಗಸೊಬ್ಬರು ಒಬ್ಬರೇ ಇದ್ದರು. ಗಂಡ ತೀರಿಕೊಂಡ ಮೇಲೆ ಮಗಳನ್ನು ದುಡಿದು ಓದಿಸಿ ಸಾತಾರೆಗೆ ಮದುವೆ ಮಾಡಿಕೊಟ್ಟಿದ್ದರು. ನಮ್ಮ ಓಣಿಯ ಮಕ್ಕಳೆಲ್ಲ ಅವರನ್ನು ಮರಾಠಿಯಲ್ಲಿ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ತಳೇಗಾಂವದ ಕೈಗಾರಿಕಾ ವಸಾಹತಿನಲ್ಲಿ ಯಂತ್ರದ ಬಿಡಿಭಾಗ ಮಾಡುವ ಒಂದು ಸಣ್ಣ ಕಾರ್ಖಾನೆ. ಅಲ್ಲಿ ಅವರಿಗೆ ಹದಿನೆಂಟು ವರ್ಷದ ನೌಕರಿ. ಒಂದು ಸಂಜೆ ಅವ್ವನ ಹತ್ತಿರ ನನ್ನ ಸಂಗತಿ ಕೇಳಿ ಕೆಳಗೆ ಬಂದರು.

“ವೆಬ್‌ಸೈಟು ಅದು ಇದು ಬಿಡವಾ,” ಅಂದರು. “ನಮ್ಮಲ್ಲಿ ದಿನಾ ಬರದದ್ದನ್ನ ಮತ್ತ ಬರೀತೀವಿ, ಮತ್ತ ಬರೀತೀವಿ. ನಿನ್ನ ಕಂಪ್ಯೂಟರಿಗೆ ಅದು ಬರ್ತದೇನ ನೋಡು. ಸಾಹೇಬ್ರಿಗೆ ನಾ ಹೇಳ್ತೀನಿ.”

ಎರಡು ದಿನ ಬಿಟ್ಟು ಅವರ ಜೊತೆ ಬೆಳಗಿನ ಲೋಕಲ್ ಹತ್ತಿದೆ. ಸ್ಟೇಷನ್ನಿನಿಂದ ಶೇರ್ ರಿಕ್ಷಾ. ಕಾರ್ಖಾನೆಯ ಮೂಲೆಯಲ್ಲಿ ಗಾಜಿನ ಕಿಟಕಿಯ ಒಂದು ತಪಾಸಣೆ ಕೋಣೆ. ಯಂತ್ರದಿಂದ ಬಂದ ಪ್ರತಿ ಲಾಟಿನಲ್ಲಿ, ಅಂದರೆ ಒಂದು ಸಲಕ್ಕೆ ತಯಾರಾದ ರಾಶಿಯಲ್ಲಿ, ಐದು ಪೀಸು ಆರಿಸಿ, ಮೈಕ್ರೋಮೀಟರು ಹಿಡಿದು ಅಳೆದು, ಕೆಲಸಗಾರರು ಪೆನ್ಸಿಲಿನಲ್ಲಿ ಒಂದು ಹಾಳೆಯ ಮೇಲೆ ಬರೆಯುತ್ತಿದ್ದರು. ಆ ಅಂಕಿಗಳನ್ನು ಮಾವಶಿ ಎಕ್ಸೆಲ್ಲಿನಲ್ಲಿ ಟೈಪು ಮಾಡಿ ವರದಿ ತಯಾರಿಸಬೇಕು. ವರದಿ ಇಲ್ಲದೆ ಮಾಲು ಗೇಟು ದಾಟುವಂತಿಲ್ಲ. ಒಬ್ಬೊಬ್ಬ ಗಿರಾಕಿಯ ನಮೂನೆ ಒಂದೊಂದು ತರಹ. ಒಬ್ಬರಿಗೆ ಅಳತೆ ಅಡ್ಡ ಸಾಲಿನಲ್ಲಿ, ಇನ್ನೊಬ್ಬರಿಗೆ ಉದ್ದ ಸಾಲಿನಲ್ಲಿ, ಮತ್ತೊಬ್ಬರಿಗೆ ಬಿಡಿಭಾಗದ ನಕ್ಷೆಯ ಚಿತ್ರವೂ ಬೇಕು. ಹಳೆಯ ಫೈಲನ್ನು ಕಾಪಿ ಮಾಡಿ ಅಂಕಿ ಬದಲಿಸುವುದು ರೂಢಿ. ಬದಲಿಸುವಾಗ ಒಂದು ಹಳೆಯ ಅಂಕಿ ಉಳಿದರೆ ಗಿರಾಕಿ ಇಡೀ ಲಾಟು ತಡೆಹಿಡಿಯುತ್ತಾನೆ.

ಎರಡು ತಿಂಗಳು ಮಾವಶಿಯ ಪಕ್ಕದ ಸ್ಟೂಲಿನ ಮೇಲೆ ಕೂತೆ. ನಕ್ಷೆ ಓದುವುದನ್ನು ಅವರು ಕಲಿಸಿದರು. ಅಳತೆಯ ಮುಂದೆ ಬರೆದ ಹೆಚ್ಚು ಕಡಿಮೆಯ ಮಿತಿ ಎಂದರೇನು, ಯಾವ ಕೆಲಸಗಾರ ಬರೆದ ಒಂದರ ಅಂಕಿ ಏಳರ ಹಾಗೆ ಕಾಣುತ್ತದೆ, ಯಾವ ಗಿರಾಕಿ ಸಹಿ ಎಲ್ಲಿ ಕೇಳುತ್ತಾನೆ, ಎಲ್ಲ. ಮಧ್ಯಾಹ್ನ ತಮ್ಮ ಡಬ್ಬಿಯ ಅರ್ಧ ಜೋಳದ ಭಕ್ರಿ ನನ್ನ ಕಡೆ ಸರಿಸುತ್ತಿದ್ದರು. ನಾನು ಮಾಡಿದ ಸಾಫ್ಟ್‌ವೇರು ದೊಡ್ಡದೇನಲ್ಲ. ಅಳತೆಯನ್ನು ಒಮ್ಮೆ ತುಂಬುವ ಒಂದು ಪರದೆ. ಮಿತಿ ಮೀರಿದ ಅಂಕಿ ತಾನೇ ಕೆಂಪಾಗುತ್ತದೆ. ಬಟನ್ ಒತ್ತಿದರೆ ಆಯಾ ಗಿರಾಕಿಯ ನಮೂನೆಯಲ್ಲಿ ವರದಿ ಸಿದ್ಧ. ಇಂಟರ್ನೆಟ್ ಬೇಡ, ಆ ಕೋಣೆಯ ಹಳೆಯ ಕಂಪ್ಯೂಟರಿನಲ್ಲೇ ಓಡುತ್ತಿತ್ತು. ಟೈಪು ಮಾಡುವ ಕೆಲಸ ಕಡಿಮೆಯಾದರೆ ಐದು ಗಂಟೆಯ ಲೋಕಲಿಗೆ ಹೊರಡಬಹುದು ಎಂದು ಮಾವಶಿ ಲೆಕ್ಕ ಹಾಕಿದ್ದರು. ಕತ್ತಲಾಗುವ ಮೊದಲು ಮನೆ ಸೇರಿ ಎಷ್ಟೋ ವರ್ಷವಾಗಿತ್ತಂತೆ.

ಸಾಫ್ಟ್‌ವೇರು ಕೊಳ್ಳುವ ಮೊದಲು ಕಾರ್ಖಾನೆಯ ಮಾಲೀಕರು, ಮಾವಶಿ ಹೇಳುವ ಸಾಹೇಬರು, ಲಿಖಿತದಲ್ಲಿ ಒಂದು ಪ್ರಸ್ತಾವ ಕೇಳಿದರು. ಅದನ್ನು ಹೇಗೆ ಬರೆಯುವುದು ಎಂದು ನಾನು ಆನ್‌ಲೈನಿನಲ್ಲಿ ಓದಿಕೊಂಡೆ. ನೀವು ಏನು ಮಾಡುತ್ತೀರಿ ಎಂದು ಬರೆಯಬೇಡಿ, ಗಿರಾಕಿಗೆ ಏನು ಉಳಿಯುತ್ತದೆ ಎಂದು ಬರೆಯಿರಿ ಎಂದಿತ್ತು. ಹಾಗೇ ಬರೆದೆ. ಮೊದಲ ಪುಟದಲ್ಲೇ, ದಪ್ಪ ಅಕ್ಷರದಲ್ಲಿ: ವರದಿ ತಯಾರಿಸುವ ಸಿಬ್ಬಂದಿಯ ದಿನಕ್ಕೆ ಆರು ಗಂಟೆಯ ಸಮಯ ಉಳಿಯುತ್ತದೆ. ಆ ಸಾಲು ಬರೆದ ಖುಷಿಗೆ ಅಪ್ಪನಿಗೆ ಓದಿ ಹೇಳಿದ್ದೆ. ಅಪ್ಪ ಆ ಸಾಲನ್ನು ಇನ್ನೊಮ್ಮೆ ಓದಿಸಿ, ಚಲೋ ಅದ ಅಂದರು.

ಸಾಫ್ಟ್‌ವೇರು ಶುರುವಾಗಿ ಒಂದೂವರೆ ತಿಂಗಳಿಗೆ ಮಾವಶಿಯನ್ನು ಮಾಲೀಕರು ಒಳಗೆ ಕರೆದರು. ನಾನು ಅಂದು ಅಲ್ಲಿರಲಿಲ್ಲ. ಸಂಜೆ ಅವರು ಮೊದಲ ಸಲ ಐದು ಗಂಟೆಯ ಲೋಕಲಿನಲ್ಲಿ ಬಂದದ್ದನ್ನು ಅವ್ವ ನೋಡಿ, ಇವತ್ತು ಬೇಗ ಬಂದ್ರಲ್ಲ ಅಂದಳಂತೆ. ಅವರು ನೇರ ಮೇಲೆ ಹೋದರಂತೆ. ನಾನು ಮೇಲೆ ಹೋದಾಗ ಚಹಾ ಕುದಿಸುತ್ತಿದ್ದರು. ಕುದಿಯುವುದನ್ನೇ ನೋಡುತ್ತ, ತಿಂಗಳ ಕೊನೆಗೆ ಬಿಡಲು ಹೇಳಿದ್ದಾರೆ ಅಂದರು.

ನನಗೆ ಗೊತ್ತಿರಲಿಲ್ಲ, ಮಾವಶಿ ಅಂದೆ. ಅವರು ಲೋಟಗಳಿಗೆ ಚಹಾ ಸೋಸಿ ನನಗೊಂದು ಕೊಟ್ಟರು.

“ಸಾಹೇಬ್ರು ಕಾಗದ ತೋರಿಸಿದ್ರು,” ಅಂದರು. “ಆರು ತಾಸಿನ ಮಾತು ನೀನ ಬರದದ್ದಲ್ಲೇನ?”

“ಹೌದ್ರಿ.”

“ಮತ್ತ ಗೊತ್ತಿರಲಿಲ್ಲ ಅನಬ್ಯಾಡ.”

ದನಿಯಲ್ಲಿ ಸಿಟ್ಟಿರಲಿಲ್ಲ. ನಕ್ಷೆ ತಪ್ಪು ಓದಿದಾಗ ತಿದ್ದುತ್ತಿದ್ದರಲ್ಲ, ಅದೇ ದನಿ. ಮರುದಿನ ನಾನು ತಳೇಗಾಂವಕ್ಕೆ ಹೋಗಿ ಮಾಲೀಕರಿಗೆ ಮರಾಠಿಯಲ್ಲಿ ಬೇಡಿಕೊಂಡೆ. ಅವರು ಕೆಟ್ಟ ಮನುಷ್ಯರಲ್ಲ. ಎರಡು ಯಂತ್ರ ನಿಂತಿವೆ, ಆರ್ಡರು ಕಡಿಮೆಯಾಗಿದೆ, ಒಬ್ಬರನ್ನು ಬಿಡಲೇಬೇಕಿತ್ತು. ಯಾರನ್ನು ಎನ್ನುವುದು ನಿಮ್ಮ ಕಾಗದದಿಂದ ತಿಳಿಯಿತು ಅಂದರು. ನಾನು ಎದ್ದು ಬಂದೆ.

ನಾಲ್ಕು ತಿಂಗಳ ಮೇಲೆ ಮಾಲೀಕರಿಂದಲೇ ಫೋನು. ಒಂದು ಲಾಟು ಪೂರ್ತಿ ವಾಪಸು ಬಂದಿತ್ತು. ಗಿರಾಕಿ ನಕ್ಷೆಯನ್ನು ಪರಿಷ್ಕರಿಸಿ ಒಂದು ತೂತಿನ ಅಳತೆಯ ಮಿತಿಯನ್ನು ಬಿಗಿ ಮಾಡಿದ್ದ. ನಕ್ಷೆ ಮೇಲ್‌ನಲ್ಲಿ ಬಂದಿತ್ತು, ಯಾರೂ ಅದನ್ನು ಸಾಫ್ಟ್‌ವೇರಿಗೆ ತುಂಬಿರಲಿಲ್ಲ. ಹಳೆಯ ಮಿತಿಗೆ ಹೋಲಿಸಿ ನನ್ನ ಪರದೆ ಎಲ್ಲವನ್ನೂ ಸರಿ ಎಂದು ತೋರಿಸಿತ್ತು. ಮಾವಶಿ ಇದ್ದಾಗ ಹೊಸ ನಕ್ಷೆ ಬಂದ ದಿನವೇ ಹಳೆಯದರ ಮೇಲೆ ಕೆಂಪು ಗೆರೆ ಎಳೆದು ಬೀರುವಿನಲ್ಲಿ ಇಡುತ್ತಿದ್ದರು. ನಾನು ಪಕ್ಕದಲ್ಲೇ ಕೂತು ಅದನ್ನು ಹತ್ತಾರು ಸಲ ನೋಡಿದ್ದೆ. ಅದು ಟೈಪಿಂಗ್ ಅಲ್ಲವಾದ್ದರಿಂದ ಸಾಫ್ಟ್‌ವೇರು ಮಾಡಬೇಕಾದ ಕೆಲಸಗಳ ನನ್ನ ಪಟ್ಟಿಗೆ ಸೇರಿರಲಿಲ್ಲ.

ಒಂದು ವಾರ ಕೂತು ಸರಿಪಡಿಸಿದೆ. ನಕ್ಷೆಯ ಪರಿಷ್ಕರಣೆ ಸಂಖ್ಯೆಯನ್ನು ತುಂಬದೆ, ಅದನ್ನು ಇನ್ನೊಬ್ಬರು ನೋಡಿ ಒಪ್ಪದೆ ವರದಿಯೇ ಬರದ ಹಾಗೆ ಮಾಡಿದೆ. ನೋಡುವವರು ಒಬ್ಬರು ಬೇಕೇ ಬೇಕು, ವಾರಕ್ಕೆ ಎರಡು ದಿನವಾದರೂ ಮಾವಶಿಯನ್ನೇ ಕರೆಯಿರಿ ಎಂದು ಹಠ ಹಿಡಿದೆ. ಮಾಲೀಕರು ಒಪ್ಪಿದರು. ನಾನು ಓಡುತ್ತ ಮಹಡಿ ಹತ್ತಿ ಮಾವಶಿಗೆ ಹೇಳಿದೆ.

ಅವರು ಆಗ ಪಿಂಪರಿಯ ಒಂದು ಆಸ್ಪತ್ರೆಯ ರಿಸೆಪ್ಷನ್ನಿನಲ್ಲಿ ಪಾಳಿಯ ಮೇಲೆ ಕೂರುತ್ತಿದ್ದರು. ಕಾಲು ಬಾತಿದ್ದವು. ಬರುವುದಿಲ್ಲ ಅಂದರು. ಹಾಗಾದರೆ ನನ್ನ ಜೊತೆ ಬನ್ನಿ ಅಂದೆ. ಬೇರೆ ಎರಡು ಕಾರ್ಖಾನೆಯವರು ಕೇಳಿದ್ದಾರೆ, ನಿಮಗೆ ಗೊತ್ತಿರುವುದರಲ್ಲಿ ಅರ್ಧವೂ ನನಗೆ ಗೊತ್ತಿಲ್ಲ, ಇಬ್ಬರೂ ಸೇರಿ ಮಾಡೋಣ ಅಂದೆ.

ಅವರು ಕಾಲು ನೀಡಿ ಗೋಡೆಗೆ ಒರಗಿದರು.

“ಅಲ್ಲೂ ನನ್ನಂಥಾಕಿ ಒಬ್ಬಾಕಿ ಕೂತಿರ್ತಾಳ,” ಅಂದರು. “ಆಕಿ ಕುರ್ಚಿ ಯಾವದು ಅಂತ ತೋರಿಸಾಕ ನನ್ನ ಕರಿಬ್ಯಾಡವಾ.”

ನಾನು ಆ ಎರಡು ಕಾರ್ಖಾನೆಗಳ ಕೆಲಸ ತೆಗೆದುಕೊಂಡೆ. ತೆಗೆದುಕೊಳ್ಳದೆ ಇರುವ ಸ್ಥಿತಿ ನಮ್ಮ ಮನೆಯದಾಗಿರಲಿಲ್ಲ. ಆಮೇಲೆ ಮತ್ತೂ ಕೆಲವು ಬಂದವು. ವರ್ಷವಿಡೀ ನೋಡಿಕೊಳ್ಳುವ ಕರಾರುಗಳಿಂದಲೇ ಈಗ ಜೀವನ ನಡೆದಿದೆ. ಪ್ರಸ್ತಾವದಲ್ಲಿ ಯಾರ ಸಮಯ ಎಷ್ಟು ಉಳಿಯುತ್ತದೆ ಎಂದು ನಾನು ಬರೆಯುವುದಿಲ್ಲ. ತಪ್ಪು ಎಷ್ಟು ಕಡಿಮೆಯಾಗುತ್ತದೆ ಎಂದಷ್ಟೇ ಬರೆಯುತ್ತೇನೆ. ಮಾಲೀಕರು ಗಂಟೆಗಳ ಲೆಕ್ಕವನ್ನು ತಾವೇ ಹಾಕಿಕೊಳ್ಳುತ್ತಾರೆ. ಒಂದು ಕಡೆ ವರದಿ ಬರೆಯುತ್ತಿದ್ದ ಹುಡುಗಿಯನ್ನು ಉಳಿಸಿಕೊಂಡು ನಕ್ಷೆಗಳ ಜವಾಬ್ದಾರಿ ಕೊಟ್ಟರು, ಇನ್ನೊಂದು ಕಡೆ ಉಳಿಸಿಕೊಳ್ಳಲಿಲ್ಲ.

ಮಾವಶಿ ಇನ್ನೂ ಮೇಲಿನ ಮಹಡಿಯಲ್ಲೇ ಇದ್ದಾರೆ. ಹಬ್ಬಕ್ಕೆ ಹೋಳಿಗೆ ಕಳಿಸುತ್ತಾರೆ, ಅವ್ವ ಡಬ್ಬಿಯಲ್ಲಿ ಏನಾದರೂ ಹಾಕಿ ತಿರುಗಿ ಕಳಿಸುತ್ತಾಳೆ. ಮೆಟ್ಟಿಲ ಮೇಲೆ ಸಿಕ್ಕರೆ ಊಟ ಆಯಿತೇ ಎಂದು ಕೇಳುತ್ತಾರೆ, ಕೆಲಸದ ಮಾತು ಎತ್ತುವುದಿಲ್ಲ. ಹೋದ ತಿಂಗಳು ಒಂದು ನಕ್ಷೆಯ ಗುರುತು ನನಗೆ ಎಷ್ಟು ನೋಡಿದರೂ ತಿಳಿಯಲಿಲ್ಲ. ಹಾಳೆಯನ್ನು ಕೈಯಲ್ಲಿ ಹಿಡಿದು ಅವರ ಬಾಗಿಲ ತನಕ ಹೋದೆ. ಒಳಗೆ ಅವರು ಮಗಳ ಜೊತೆ ಫೋನಿನಲ್ಲಿ ಮಾತಾಡುವುದು ಕೇಳಿಸುತ್ತಿತ್ತು. ಸ್ವಲ್ಪ ಹೊತ್ತು ನಿಂತು, ಬಾಗಿಲು ಬಡಿಯದೆ ಕೆಳಗೆ ಇಳಿದು ಬಂದೆ.