ರುಜು ಹಾಕಿದ ಖಾಲಿ ಕಾಗದ

ಈರೋಡಿನ ಬ್ಯಾಂಕಿನ ಮೊದಲ ಮಹಡಿಯಲ್ಲಿ ವಿದೇಶಿ ವ್ಯವಹಾರಕ್ಕೆಂದು ಒಂದು ಕಿಟಕಿ ಇತ್ತು. "ನಮ್ಮ ಬಿಲ್ ಏನಾಯ್ತು ಸಾರ್?" ಎಂದು ಆ ಕಿಟಕಿಯ ಮುಂದೆ ನಿಂತು ನಾನು ಕೇಳಿದಷ್ಟು ಸಲ ದೇವರ ಮುಂದೆ ನಿಂತು ಏನನ್ನೂ ಕೇಳಿಲ್ಲ. ಇದು ತೊಂಬತ್ತರ ದಶಕದ ಮಾತು. ತಾಳವಾಡಿಯ ಹತ್ತಿರ ನಮ್ಮೂರ ಗೌಡರು ಸೀಗೆಕಾಯಿ, ಅಂಟುವಾಳ ಪುಡಿ ಮಾಡುವ ಶೆಡ್ ಇಟ್ಟಿದ್ದರು. ತಾಳಮಲೆ ಕಡೆಯ ಕಾಡಿನ ಕಾಯಿ ಅಲ್ಲಿಗೆ ಬರುತ್ತಿತ್ತು. ಒಣಗಿಸಿ, ಬೀಜ ತೆಗೆದು, ಪುಡಿ ಮಾಡಿ, ಮೂಟೆ ಕಟ್ಟಿ ಮಲೇಷ್ಯಾಕ್ಕೆ ಕಳಿಸುತ್ತಿದ್ದೆವು. ಹದಿನಾರು ಹೆಂಗಸರು ಕೆಲಸಕ್ಕಿದ್ದರು. ನಾನು ಬಿ.ಕಾಂ. ಓದಿದ್ದೆ, ತಮಿಳು ಬರುತ್ತಿತ್ತು, ಇಂಗ್ಲಿಷಿನಲ್ಲಿ ಕಾಗದ ಬರೆಯಬಲ್ಲವಳಾಗಿದ್ದೆ. ಹೀಗಾಗಿ ಶೆಡ್ಡಿನ ಕಾಗದಪತ್ರವೆಲ್ಲ ನನ್ನ ಕೊರಳಿಗೆ ಬಿತ್ತು. ನನ್ನದು ಮೊದಲಿನಿಂದಲೂ ಚುರುಕು ನಾಲಿಗೆ. ಅದು ಆ ಕೆಲಸಕ್ಕೆ ಒಳ್ಳೆಯದೆಂದು ಎಲ್ಲರಂತೆ ನಾನೂ ನಂಬಿದ್ದೆ.

ಕೊಳ್ಳುವವರು ಕ್ಲಾಂಗ್ ಊರಿನ ಒಬ್ಬ ತಮಿಳು ವ್ಯಾಪಾರಿ. ನಾಟಿ ಔಷಧಿಯ ಅಂಗಡಿಯವರು, ಗೌಡರ ವಯಸ್ಸಿನವರೇ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಅವರ ನಡುವೆ ಇದ್ದದ್ದು ಎರಡು ಬ್ಯಾಂಕು, ಒಂದು ಹಡಗು. ಸರಕು ಹಡಗು ಹತ್ತಿದ ಮೇಲೆ ಹಡಗಿನ ಕಂಪನಿ ಕೊಡುವ ಬಿಲ್ ಆಫ್ ಲೇಡಿಂಗ್, ಇನ್‌ವಾಯ್ಸ್, ಮೂಟೆಗಳ ಪಟ್ಟಿ, ಸರಕು ಈ ದೇಶದ್ದೆಂಬ ಪ್ರಮಾಣಪತ್ರ, ಇಷ್ಟು ಹಣ ಕೊಡಿ ಎಂದು ವ್ಯಾಪಾರಿಯ ಮೇಲೆ ಬರೆದ ಹುಂಡಿ, ಇಷ್ಟನ್ನೂ ಕಟ್ಟು ಮಾಡಿ ಈರೋಡಿನ ಬ್ಯಾಂಕಿಗೆ ಕೊಡಬೇಕು. ಬ್ಯಾಂಕಿನ ಮಾತಿನಲ್ಲಿ ಈ ಕಟ್ಟೇ ಬಿಲ್. ಅವರು ಅದನ್ನು ಕ್ಲಾಂಗಿನ ಬ್ಯಾಂಕಿಗೆ ಕಳಿಸುತ್ತಾರೆ. ವ್ಯಾಪಾರಿ ಅಲ್ಲಿ ಹಣ ಕಟ್ಟಿದರೆ ಕಾಗದ ಅವರ ಕೈಗೆ. ಕಾಗದ ತೋರಿಸಿದರೇನೇ ಬಂದರಿನಲ್ಲಿ ಸರಕು ಬಿಡುವುದು.

ಕಿಟಕಿಯ ಅಧಿಕಾರಿ ಕೊಳ್ಳೇಗಾಲದ ಶಾಖೆಯಲ್ಲಿ ಕೆಲವು ವರ್ಷ ಇದ್ದು ಕನ್ನಡ ಕಲಿತಿದ್ದರು. ಮೊದಲ ದಿನವೇ ಹೇಳಿದ್ದರು: "ನಾವು ಪಟ್ಟಿಯಲ್ಲಿ ಇರೋಷ್ಟು ಕಾಗದ ಕಟ್ಟಿನಲ್ಲಿ ಇದೆಯಾ ಅಂತ ಎಣಿಸ್ತೀವಿ. ನೀವು ಬರೆದುಕೊಟ್ಟ ಹಾಗೆ ನಡೀತೀವಿ. ಅವರು ಹಣ ಕೊಟ್ಟೇ ಕೊಡ್ತಾರೆ ಅಂತ ನಾವು ಮಾತು ಕೊಡೋಲ್ಲ ಅಮ್ಮಾ." ಅಂದರೆ ಬರೆದುಕೊಡುವ ಮಾತೆಲ್ಲ ನಮ್ಮದು, ಅದರ ಫಲವೂ ನಮ್ಮದು.

ಬರೆದುಕೊಡುವ ಪ್ರತಿಯೊಂದು ಮಾತಿಗೂ ಗೌಡರ ರುಜು ಬೇಕು. ತಾಳವಾಡಿಯಿಂದ ಬಸ್ಸು ಹತ್ತಿ, ಹಾಸನೂರು ದಾಟಿ, ದಿಂಬದ ಇಪ್ಪತ್ತೇಳು ತಿರುವು ಇಳಿದು, ಸತ್ಯಮಂಗಲದಲ್ಲಿ ಬಸ್ಸು ಬದಲಾಯಿಸಿ ಈರೋಡು ಸೇರುವಷ್ಟರಲ್ಲಿ ಅರ್ಧ ದಿನ ಮುಗಿದಿರುತ್ತಿತ್ತು. ಅಲ್ಲಿ ಒಂದು ರುಜು ಕಡಿಮೆ ಬಿದ್ದರೆ ಮತ್ತೆ ಅಷ್ಟೂ ದಾರಿ. ಒಮ್ಮೆ ಬಿಲ್ ಆಫ್ ಲೇಡಿಂಗಿನ ಮೂರು ಪ್ರತಿಗಳಲ್ಲಿ ಒಂದರ ಬೆನ್ನಿಗೆ ರುಜು ಬಿಟ್ಟುಹೋಗಿ, ಒಂದೇ ವಾರದಲ್ಲಿ ಮೂರು ಸಲ ಘಾಟಿ ಇಳಿದು ಹತ್ತಿದೆ. ಅದನ್ನು ನೋಡಿ ಗೌಡರು ಐದು ಲೆಟರ್‌ಹೆಡ್ ತರಿಸಿ, ಕೆಳಗಡೆ ಕನ್ನಡದಲ್ಲಿ ತಮ್ಮ ರುಜು ಹಾಕಿ, ಮೇಲೆಲ್ಲ ಖಾಲಿ ಬಿಟ್ಟು ನನ್ನ ಕೈಗೆ ಕೊಟ್ಟರು.

"ಇಟ್ಕೊ ಮಗ. ಬೇಕಾದಾಗ ಮ್ಯಾಲೆ ಬರ್ಕೊ. ನೀ ಬಸ್ಸಲ್ಲಿ ಅಲಿಯೋದ್ ನೋಡಕ್ಕಾಗಲ್ಲ" ಎಂದರು. ಹೆತ್ತ ಮಗನಿಗೂ ಅವರು ಹಾಗೆ ಕೊಟ್ಟಿರಲಿಲ್ಲ. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಚೀಲದ ತಳದಲ್ಲಿಟ್ಟೆ. ಆ ದಿನ ನಾನು ಹಿಗ್ಗಿದ್ದು ಇಷ್ಟಿಷ್ಟಲ್ಲ.

ದೀಪಾವಳಿ ಹೊತ್ತಿನ ಗುಮಟಾಪುರದ ಸಗಣಿ ಹಬ್ಬ ಮುಗಿದ ವಾರ ಒಂದು ಕಂಟೇನರ್ ಕಳಿಸಿದೆವು. ಆ ವರ್ಷದ ಬಹುಪಾಲು ಸರಕು ಅದರಲ್ಲೇ ಇತ್ತು. ಕ್ಲಾಂಗಿನವರು ಕಾಗದ ತಲುಪಿದ ವಾರದೊಳಗೆ ಹಣ ಕಟ್ಟಿಬಿಡುವವರು. ಈ ಸಲ ವಾರ ಕಳೆಯಿತು, ಸುದ್ದಿ ಇಲ್ಲ. ಎಸ್.ಟಿ.ಡಿ. ಬೂತಿನಿಂದ ಫೋನ್ ಮಾಡಿದರೆ ಅಧಿಕಾರಿ "ಇನ್ನೂ ಬಂದಿಲ್ಲಮ್ಮಾ" ಎನ್ನುತ್ತಿದ್ದರು. ಎರಡನೆಯ ವಾರ ವಿಚಾರಿಸಿ ಟೆಲೆಕ್ಸ್ ಕಳಿಸಿದರು. ಅದಕ್ಕೆ ಟ್ರೇಸರ್ ಎನ್ನುತ್ತಾರೆ. ಉತ್ತರ ಒಂದೇ ಸಾಲು: ಕಾಗದ ತೋರಿಸಿದ್ದೇವೆ, ಪಾರ್ಟಿ ಇನ್ನೂ ಬಿಡಿಸಿಕೊಂಡಿಲ್ಲ. ಅಷ್ಟರಲ್ಲಿ ಬಂದರಿನಲ್ಲಿ ಬಿಟ್ಟಿ ಇಡುವ ದಿನಗಳು ಮುಗಿದು ದಿನದಿನಕ್ಕೆ ಬಾಡಿಗೆ ಏರತೊಡಗಿತು. ಹಿಂದಿನ ವರ್ಷ ಬೇರೊಂದು ಊರಿನ ಗಿರಾಕಿಯೊಬ್ಬ ಗೋದಾಮಿಗೆ ಬೆಂಕಿ ಬಿತ್ತೆಂದು ಕತೆ ಹೇಳಿ, ಕಾಯಿಸಿ ಕಾಯಿಸಿ ಕೊನೆಗೆ ಅರ್ಧ ಬೆಲೆಗೆ ಸರಕು ಕಿತ್ತುಕೊಂಡಿದ್ದ. ಅದು ನನ್ನ ತಲೆಯಲ್ಲಿ ಕೂತಿತ್ತು. ಈ ಕಂಟೇನರ್ ಹೋದರೆ ಶೆಡ್ಡಿಗೆ ಬೀಗವೇ.

ಮೂರನೆಯ ವಾರ ಒಂದು ಮಂಗಳವಾರ ನಾನೇ ಇಳಿದು ಹೋದೆ. ಅಧಿಕಾರಿ ಟೆಲೆಕ್ಸಿನ ಹಾಳೆ ತೋರಿಸಿದರು. ಕಾಯಿಲೆ ಬಿದ್ದಿದ್ದ ವ್ಯಾಪಾರಿ ತೀರಿಕೊಂಡು ಆರು ದಿನವಾಗಿದೆ, ಹದಿನಾರನೆಯ ದಿನದ ಕರ್ಮ ಮುಗಿಯುವವರೆಗೆ ಮನೆಯವರು ಕಾಲ ಕೇಳುತ್ತಿದ್ದಾರೆ, ನಿಮ್ಮ ಸೂಚನೆ ತಿಳಿಸಿ, ಎಂದಿತ್ತು.

ಓದಿದ ಕೂಡಲೇ ಅಯ್ಯೋ ಎನ್ನಿಸಿತೆಂದು ಬರೆಯುವ ಆಸೆ ನನಗಿದೆ. ಅದು ಸುಳ್ಳಾಗುತ್ತದೆ. ನನಗೆ ಅನ್ನಿಸಿದ್ದು, ಹೋದ ವರ್ಷ ಬೆಂಕಿ, ಈ ವರ್ಷ ಸಾವು ಎಂದು. ಇನ್ನೂ ಹತ್ತು ದಿನದ ಬಾಡಿಗೆ ಯಾರು ಕಟ್ಟಬೇಕು ಎಂದು.

"ಸೂಚನೆ ಬರೆದುಕೊಡ್ತೀನಿ ಸಾರ್" ಎಂದೆ.

"ಗೌಡರನ್ನ ಕೇಳಿಕೊಂಡು ನಾಳೆ ಕೊಡಿ. ಅವಸರ ಏನಿಲ್ಲ. ಸೂಚನೆ ಬರದೆ ಅವರೇನೂ ನಾಳೆಗೇ ಕಾಗದ ವಾಪಸ್ ಕಳಿಸಿಬಿಡೋಲ್ಲ" ಎಂದರು.

ಕೆಳಗಿಳಿದು ಬೂತಿನಿಂದ ಶೆಡ್ಡಿಗೆ ಫೋನ್ ಹಚ್ಚಿದೆ. ಮಳೆಗೆ ಲೈನ್ ಸತ್ತಿತ್ತು. ಮತ್ತೆ ಮೇಲೆ ಹತ್ತಿ, ಬೆಂಚಿನ ಮೇಲೆ ಕೂತು ಚೀಲದ ತಳದಿಂದ ಒಂದು ಹಾಳೆ ತೆಗೆದೆ. ಮೂರು ದಿನದೊಳಗೆ ಹಣ ಕಟ್ಟಬೇಕು, ಇಲ್ಲವಾದರೆ ಹುಂಡಿಯನ್ನು ನೋಟರಿಯ ಮೂಲಕ ಪ್ರೊಟೆಸ್ಟ್ ಮಾಡಿಸಿ, ಸರಕನ್ನು ಬೇರೆಯವರಿಗೆ ಮಾರುತ್ತೇವೆ, ಎಂದು ಇಂಗ್ಲಿಷಿನಲ್ಲಿ ಬರೆದೆ. ಪ್ರೊಟೆಸ್ಟ್ ಎಂದರೆ ಹಣ ಕೊಡಲಿಲ್ಲವೆಂದು ನೋಟರಿ ದಾಖಲೆ ಮಾಡುವುದು. ವ್ಯಾಪಾರಸ್ಥರಿಗೆ ಅದು ಊರ ನಡುವೆ ಮಾನ ಹರಾಜಾದ ಹಾಗೆ. ಮೊದಲು ಕಾಗದ ಕೊಟ್ಟಾಗ, ಪ್ರೊಟೆಸ್ಟ್ ಬೇಡವೆಂದು ಗೌಡರೇ ಹೇಳಿ ಬರೆಸಿದ್ದರು.

ಅಧಿಕಾರಿ ಹಾಳೆಯನ್ನು ಎರಡು ಸಲ ಓದಿದರು. "ಗೌಡರು ಹೀಗೆ ಹೇಳಿದರಾ?"

"ಹೂಂ ಸಾರ್."

ಅವರು ರುಜು ನೋಡಿದರು. ರುಜು ಸರಿಯಾಗಿತ್ತು. ಅಂದೇ ಸಂಜೆ ಟೆಲೆಕ್ಸ್ ಹೋಯಿತು.

ಮರುದಿನ ಬೆಳಿಗ್ಗೆ ಗೌಡರು ಶೆಡ್ಡಿನ ಅಂಗಳದಲ್ಲಿ ಕಾಯಿ ಹರವಿಸುತ್ತಿದ್ದರು. ನಾನು ಹೇಳುತ್ತಾ ಹೋದೆ, ಸ್ವಲ್ಪ ಜಂಬದಿಂದಲೇ. ಅವರು ಕೈಯಲ್ಲಿದ್ದ ಮೊರ ಕೆಳಗಿಟ್ಟರು.

"ಅವ್ರು ಸತ್ತೋದ್ರಾ?"

"ಹಂಗಂತ ಬರೆದವ್ರೆ ಗೌಡ್ರೆ. ನಿಜವೋ ಸುಳ್ಳೋ."

"ತಿಥಿ ಆಗದೆ ಸಾವಿನ ಮನೆ ಬಾಗ್ಲಲ್ಲಿ ನಿಂತು ಯಾರಾರ ಕೊಡು ಅಂತ ಕೇಳಾರಾ? ನಿಮ್ಮಪ್ಪ ಸತ್ತೋದಾಗ ನಿಮ್ಮನೆ ಬಾಗ್ಲಿಗೆ ಯಾರಾರ ಬಂದಿದ್ರಾ?"

ಯಾರೂ ಬಂದಿರಲಿಲ್ಲ. ಅಪ್ಪ ಅಂಗಡಿಯಲ್ಲಿ, ಗೊಬ್ಬರದ ಮಂಡಿಯಲ್ಲಿ ಬಾಕಿ ಇಟ್ಟೇ ಹೋಗಿದ್ದ. ತಿಥಿ ಮುಗಿಯುವವರೆಗೆ ಒಬ್ಬರೂ ತುಟಿ ಬಿಚ್ಚಿರಲಿಲ್ಲ. ಗೌಡರ ಕಡೆಯಿಂದಲೂ ಅಪ್ಪ ಕೈಗಡ ತಂದಿದ್ದನೆಂದು ನನಗೆ ಆಮೇಲೆ ತಿಳಿದದ್ದು.

"ಆ ಕಾಗ್ದ ಕೊಟ್ಟಿದ್ದು ನೀ ಅಲಿಬಾರ್ದು ಅಂತ ಕಣವ್ವ. ನಾ ಆಡ್ದೆ ಇರೋ ಮಾತ ನನ್ ಎಸ್ರಲ್ಲಿ ಆಡು ಅಂತಲ್ಲ."

ಬೈದಿದ್ದರೆ ನನಗೂ ಬಾಯಿ ಇತ್ತು. ಅವರು ಬೈಯಲಿಲ್ಲ. ಒಳಗೆ ಹೋಗಿ ಅಂಗಿ ಬದಲಾಯಿಸಿಕೊಂಡು ಬಂದು "ನಡಿ, ಬಸ್ಸಿಗೋಗವ" ಎಂದರು. ಘಾಟಿ ಇಳಿಯುವಾಗ ವಾಂತಿ ಮಾಡಿಕೊಳ್ಳುವವರು, ವರ್ಷಗಳಿಂದ ಆ ದಾರಿ ಬಿಟ್ಟಿದ್ದವರು. ಅವತ್ತೂ ಮಾಡಿಕೊಂಡರು. ಒಂದೊಂದು ತಿರುವಿಗೂ ಕಿಟಕಿಗೆ ಬಾಗಿ, ಬಾಯಿ ಒರೆಸಿಕೊಂಡು, ಮತ್ತೆ ನೆಟ್ಟಗೆ ಕೂರುತ್ತಿದ್ದರು. ನಾನು ನೀರಿನ ಬಾಟಲಿ ಹಿಡಿದುಕೊಂಡು ಪಕ್ಕದಲ್ಲಿದ್ದೆ.

ಮೊದಲಿನ ಸೂಚನೆ ರದ್ದು, ಹದಿನಾರನೆಯ ದಿನ ಕಳೆಯುವವರೆಗೆ ಕಾಗದ ಹಾಗೇ ಇಟ್ಟಿರಿ, ಬಾಡಿಗೆ ನಮ್ಮ ಮೇಲಿರಲಿ. ಹೀಗೆ ಬರೆಸಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಮಾತು ಕೂಡಿಸಿಕೊಂಡಿದ್ದರೆಂದು ಕಾಣುತ್ತದೆ. ಕಿಟಕಿಯ ಮುಂದೆ ನಿಂತು ಒಂದೇ ಉಸಿರಿಗೆ ಹೇಳಿದರು. ಅಧಿಕಾರಿ ಎದ್ದು ನಿಂತು ಕೈ ಮುಗಿದರು. ಆಮೇಲೆ ಮೇಜಿನ ಮೇಲಿದ್ದ ಹಾಳೆ ತೋರಿಸಿದರು.

ಉತ್ತರ ಆಗಲೇ ಬಂದಿತ್ತು. ಕ್ಲಾಂಗಿನ ಬ್ಯಾಂಕಿನವರು ಬೆಳಿಗ್ಗೆಯೇ ಮನೆಗೆ ತಿಳಿಸಿದ್ದರು. ತೀರಿಕೊಂಡವರ ಮಗಳು ಖುದ್ದಾಗಿ ಬಂದು ಪೂರ್ತಿ ಹಣ ಕಟ್ಟಿ ಕಾಗದ ಬಿಡಿಸಿಕೊಂಡಿದ್ದಳು. ಬಾಡಿಗೆಯ ಭಾರವೂ ಅವರೇ ಹೊತ್ತಿದ್ದರು. ಕೊನೆಯಲ್ಲಿ ಇನ್ನೊಂದು ಸಾಲು: ಇನ್ನು ಮುಂದೆ ತಮಗೆ ಯಾವ ಸಂದೇಶವನ್ನೂ ಕಳಿಸಬಾರದೆಂದು ಮನೆಯವರು ಕೋರುತ್ತಾರೆ.

ಅದನ್ನು ಕನ್ನಡದಲ್ಲಿ ಗೌಡರಿಗೆ ಓದಿ ಹೇಳಬೇಕಾದವಳು ನಾನೇ. ಹಣ ಬಂದಿದೆ ಎನ್ನುವ ಮಾತು ಬಾಯಿಂದ ಅಷ್ಟು ಕಷ್ಟಪಟ್ಟು ಹೊರಟದ್ದು ಅದೊಂದೇ ಸಲ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ ಎನ್ನುತ್ತಾರಲ್ಲ, ಕೊಯ್ದವಳಿಗೆ ಮೂಗಿನ ಬೆಲೆಯೂ ಸಿಕ್ಕಿತ್ತು. ನನಗೆ ನಾಚಿಕೆಯಾಯಿತು. ಇವತ್ತಿಗೂ ಆಗುತ್ತದೆ.

ಅಂದೇ ಈರೋಡಿನ ಅಂಚೆ ಕಚೇರಿಯ ಕಟ್ಟೆಯ ಮೇಲೆ ಕೂತು ಗೌಡರು ಕಾಗದ ಬರೆಸಿದರು. ಅವರು ಕನ್ನಡದಲ್ಲಿ ಹೇಳಿದ್ದನ್ನು ನಾನು ತಮಿಳಿನಲ್ಲಿ ಬರೆದೆ. ನಿಮ್ಮ ತಂದೆ ಒಳ್ಳೆಯವರು, ಒಂದು ಸಲವೂ ಮಾತಿಗೆ ತಪ್ಪಿದವರಲ್ಲ, ಅವರ ಸಾವಿನ ಮನೆಯಲ್ಲಿ ನಾವು ಕೂಗಾಡಿದೆವು, ಅದು ತಪ್ಪು. "ಬರೆದದ್ದು ನಾನು ಅಂತ ಸೇರಿಸ್ತೀನಿ ಗೌಡ್ರೆ" ಎಂದೆ.

"ಬ್ಯಾಡ. ರುಜು ನಂದು" ಎಂದು ಪೆನ್ನು ಇಸಿದುಕೊಂಡರು.

ಆ ಮನೆಯಿಂದ ಮತ್ತೆ ಆರ್ಡರು ಬರಲಿಲ್ಲ. ಬೇರೆ ಊರಿನವರು ಸಿಕ್ಕಿದರು, ಶೆಡ್ ನಡೆಯಿತು. ಉಳಿದ ನಾಲ್ಕು ಖಾಲಿ ಹಾಳೆಗಳನ್ನು ಅವರ ಮುಂದಿಟ್ಟೆ. "ನಿನ್ನತ್ರನೇ ಇರ್ಲಿ ಮಗ" ಎಂದು ಹಿಂದಕ್ಕೆ ತಳ್ಳಿದರು. ಇಟ್ಟುಕೊಂಡೆ, ಒಂದರ ಮೇಲೂ ಬರೆಯಲಿಲ್ಲ. ಒಂದು ಸಾಲಿನ ಕಾಗದಕ್ಕೂ ಘಾಟಿ ಹತ್ತಿ ಬಂದು ಓದಿ ಹೇಳಿ, ರುಜು ಹಾಕಿಸಿಕೊಂಡು ಮತ್ತೆ ಇಳಿಯುತ್ತಿದ್ದೆ.

ಪ್ರತಿ ಸಲ ಬಸ್ಸಿಳಿದು ಬರುವಾಗ ಗೌಡರು ಶೆಡ್ಡಿನ ಬಾಗಿಲಲ್ಲಿ ನಿಂತಿರುತ್ತಿದ್ದರು. ಬಿಲ್ಲು ಏನಾಯಿತೆಂದು ಕೇಳುತ್ತಿರಲಿಲ್ಲ.

"ಆ ಮನೆಯಿಂದ ಏನಾರ ಬಂತಾ ಮಗ?"

"ಇಲ್ಲ ಗೌಡ್ರೆ."

"ಬತ್ತದೆ ಬುಡು" ಎನ್ನುತ್ತಿದ್ದರು. ತೀರಿಕೊಳ್ಳುವ ಹಿಂದಿನ ವಾರ, ಹಾಸಿಗೆ ಹಿಡಿದಿದ್ದಾಗಲೂ ಅದನ್ನೇ ಕೇಳಿದರು. ನಾನು ಇಲ್ಲ ಎಂದೆ. ಬಂದಿದೆ ಎಂದು ಒಂದು ಸುಳ್ಳು ಹೇಳಬಹುದಿತ್ತು. ಆದರೆ ಅವರ ಹೆಸರಿನಲ್ಲಿ ಒಂದು ಸುಳ್ಳು ನಾನು ಆಗಲೇ ಹೇಳಿಬಿಟ್ಟಿದ್ದೆ.