ಮೂರು ಗಂಟೆ ಸಾಕೇ?

ಬೀದಿಯವರಿಗೆಲ್ಲ ಅವಳು ಬ್ರೆಡ್ಡಕ್ಕ. ಬೇಕರಿಯ ಹಿಂಭಾಗದಲ್ಲಿ ಹಿಟ್ಟು ನಾದುವ ಯಂತ್ರದ ಪಕ್ಕ ನಿಂತು ದುಡಿದು ದುಡಿದು ಆ ಹೆಸರು ಅವಳಿಗೆ ಅಂಟಿಕೊಂಡಿತ್ತು. ಅಂಗಡಿಗಳು ಬಾಗಿಲು ತೆಗೆಯುವ ಹೊತ್ತಿಗೆ ಬ್ರೆಡ್ಡು ತಲುಪಬೇಕು. ಹಾಗಾಗಿ ಊರು ಮಲಗಿದ್ದಾಗಲೇ ಅವಳು ಎದ್ದು ಹೊರಡುತ್ತಿದ್ದಳು, ಊರು ಊಟಕ್ಕೆ ಕೂರುವ ಹೊತ್ತಿಗೆ ಮೊಣಕೈವರೆಗೆ ಹಿಟ್ಟಿನ ಪುಡಿ ಹೊತ್ತು ಮನೆ ಸೇರುತ್ತಿದ್ದಳು. ಮಧ್ಯಾಹ್ನ ಒಂದು ಕೋಳಿನಿದ್ದೆ. ರಾತ್ರಿ ಎಂಟಾಯಿತೆಂದರೆ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು.

ಗಂಡ ತೀರಿಕೊಂಡಾಗ ಮಗಳು ಎರಡನೇ ಕ್ಲಾಸು. ಅಲ್ಲಿಂದೀಚೆಗೆ ತಾಯಿ ಮಗಳಿಗೆ ದಿನದಲ್ಲಿ ಸಿಗುತ್ತಿದ್ದದ್ದು ಸಂಜೆಯ ಹೊತ್ತು ಮಾತ್ರ. ಶಾಲೆ ಬಿಟ್ಟು ಬಂದ ಮಗಳು ಚೀಲ ಮೂಲೆಗೆ ಎಸೆದು ಅಡುಗೆಮನೆಯ ಹೊಸ್ತಿಲ ಮೇಲೆ ಕೂತರೆ ಅವಳ ಬಾಯಿಗೆ ಪುರುಸೊತ್ತೇ ಇರುತ್ತಿರಲಿಲ್ಲ. ಯಾವ ಹುಡುಗಿ ಯಾರ ಜೊತೆ ಟೂ ಬಿಟ್ಟಳು, ವಿಜ್ಞಾನದ ಮೇಷ್ಟ್ರು ಸೀನಿದಾಗ ಕಿಟಕಿಯ ಪಾರಿವಾಳ ಹೇಗೆ ಬೆಚ್ಚಿ ಹಾರಿತು, ಎಲ್ಲವೂ ನಡೆದದ್ದಕ್ಕಿಂತ ಉದ್ದವಾಗಿ ಬರುತ್ತಿತ್ತು. ತಾಯಿ ತರಕಾರಿ ಹೆಚ್ಚುತ್ತಾ "ಆಮೇಲೆ?" ಎನ್ನುತ್ತಿದ್ದಳು. ಅಷ್ಟೇ ಸಾಕಾಗುತ್ತಿತ್ತು.

ಮಗಳು ಹತ್ತನೇ ಕ್ಲಾಸಿಗೆ ಬಂದ ವಾರವೇ ಬ್ರೆಡ್ಡಕ್ಕನ ಅಣ್ಣ ಮನೆಗೆ ಬಂದ. ಅವನು ಕಾಲೇಜೊಂದರ ಕಚೇರಿಯಲ್ಲಿ ಗುಮಾಸ್ತ. ಯಾರಿಗೆ ಎಷ್ಟು ಅಂಕ ಬಂದರೆ ಯಾವ ಕೋರ್ಸು ಸಿಗುತ್ತದೆ ಎನ್ನುವುದು ಅವನ ನಾಲಿಗೆಯ ತುದಿಯಲ್ಲಿತ್ತು.

"ನೋಡಮ್ಮಾ, ಹತ್ತನೇ ಕ್ಲಾಸು ಅಂದ್ರೆ ಹುಡುಗಾಟ ಅಲ್ಲ. ಸ್ಕೂಲು ಬಿಟ್ಟು ದಿನಕ್ಕೆ ಏಳು ಗಂಟೆನಾದ್ರೂ ಓದ್ಬೇಕು. ಬೆಳಿಗ್ಗೆ ಎರಡು, ಸಂಜೆ ಐದು. ನಮ್ಮ ಸಾಹೇಬರ ಮಗ ಹಾಗೇ ಓದಿದ್ದು."

ಬ್ರೆಡ್ಡಕ್ಕ ಎದುರಾಡಲಿಲ್ಲ. ಎದುರಾಡಲು ಅವಳ ಹತ್ತಿರ ಏನಿತ್ತು? ಅವಳು ಹತ್ತನೇ ಕ್ಲಾಸಿನಲ್ಲಿದ್ದಾಗ ತಾಯಿ ಹಾಸಿಗೆ ಹಿಡಿದಿದ್ದರು. ಮನೆಕೆಲಸದ ನಡುವೆ ಪುಸ್ತಕ ತೆರೆದರೆ ಅರ್ಧ ಪುಟ ಮುಗಿಯುವುದರೊಳಗೆ ಯಾರೋ ಕೂಗುತ್ತಿದ್ದರು. ಪರೀಕ್ಷೆಗೆ ಕೂರಲೇ ಇಲ್ಲ. ಯಾರೂ ಕೂಗದೆ ಒಂದು ಸಂಜೆ ಪೂರ್ತಿ ಓದುವುದೆಂದರೆ ಹೇಗಿರುತ್ತದೆ ಎನ್ನುವ ಆಸೆ ಇಷ್ಟು ವರ್ಷವಾದರೂ ಅವಳ ಎದೆಯ ಮೂಲೆಯಲ್ಲಿ ಹಾಗೇ ಕೂತಿತ್ತು. ತನಗೆ ಒಂದು ಗಂಟೆಯೂ ಸಿಗಲಿಲ್ಲ, ಮಗಳಿಗೆ ಏಳು ಸಿಗಲಿ ಎಂದುಕೊಂಡಳು.

ಒಳಗಿನ ಕೋಣೆ ಮಗಳದಾಯಿತು. ಗೋಡೆಗೆ ಮಾವನ ವೇಳಾಪಟ್ಟಿ ಅಂಟಿತು. ನಸುಕಿನಲ್ಲಿ ಬ್ರೆಡ್ಡಕ್ಕ ಒಲೆಗೆ ತಟ್ಟೆ ತಳ್ಳಿ, ಕೈಯನ್ನು ಸೀರೆಯ ಸೆರಗಿಗೆ ಒರೆಸಿ, ಮನೆಗೆ ಫೋನು ಮಾಡಿ ಎಬ್ಬಿಸುತ್ತಿದ್ದಳು. "ಎದ್ಯಾ ಪುಟ್ಟಿ? ಮುಖ ತೊಳ್ಕೋ. ಮತ್ತೆ ಮಲಗಬೇಡ ಆಯ್ತಾ?" ಆ ಕಡೆಯಿಂದ ನಿದ್ದೆ ಮೆತ್ತಿದ ಒಂದು "ಹ್ಞೂಂ" ಬರುತ್ತಿತ್ತು. ಅಷ್ಟು ದೂರದಿಂದ ಆ ಹ್ಞೂಂ ಕೇಳಿದಾಗ ಮಗಳ ಬೆಚ್ಚಗಿನ ಹೊದಿಕೆಯನ್ನು ತಾನೇ ಎಳೆದು ಎಸೆದಂತೆ ಅನ್ನಿಸುತ್ತಿತ್ತು. ಆದರೂ ಮರುದಿನ ಮತ್ತೆ ಫೋನು ಮಾಡುತ್ತಿದ್ದಳು.

ಸಂಜೆ ಮಗಳು ಹಾಲು ಕುಡಿದು ಕೋಣೆ ಸೇರಿದರೆ ಮುಗಿಯಿತು. ಹೊಸ್ತಿಲು ಖಾಲಿ. ತರಕಾರಿ ಹೆಚ್ಚುವಾಗ ಬ್ರೆಡ್ಡಕ್ಕನಿಗೆ ಚಾಕುವಿನ ಸದ್ದೊಂದೇ ಜೊತೆ. ಊಟದ ತಟ್ಟೆಯೂ ಕೋಣೆಗೇ ಹೋಗುತ್ತಿತ್ತು. ಒಂದೇ ಸೂರಿನ ಕೆಳಗೆ ಇದ್ದುಕೊಂಡು ಮಗಳಿಗಾಗಿ ಹಂಬಲಿಸುವುದು ಅವಳಿಗೇ ವಿಚಿತ್ರವೆನಿಸುತ್ತಿತ್ತು. ಮಲಗಿದ ಮೇಲೆ ಮಾತ್ರ ಒಂದು ಸಮಾಧಾನ: ಬಾಗಿಲ ಸಂದಿಯಿಂದ ಮಗಳು ಗಟ್ಟಿಯಾಗಿ ಓದುವುದು ಕೇಳುತ್ತಿತ್ತು. ಏನು ಓದುತ್ತಿದ್ದಾಳೆಂದು ತಿಳಿಯುತ್ತಿರಲಿಲ್ಲ. ಸಸ್ಯ, ನೀರು, ಬೇರು ಎಂಬ ಮಾತುಗಳು ತೇಲಿ ಬರುತ್ತಿದ್ದವು. ಅವಳ ಪಾಲಿಗೆ ದಿನಕ್ಕೆ ಸಿಗುತ್ತಿದ್ದ ಮಗಳು ಅಷ್ಟೇ. ಆ ದನಿಯನ್ನು ಕಿವಿಯಲ್ಲಿಟ್ಟುಕೊಂಡೇ ನಿದ್ದೆ ಹೋಗುತ್ತಿದ್ದಳು.

ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಶಾಲೆಯಿಂದ ಕರೆ ಬಂತು. ಬೇಕರಿಯಿಂದ ಬಂದವಳು ಸೀರೆ ಬದಲಿಸಿ ನೇರವಾಗಿ ಶಾಲೆಗೆ ಓಡಿದಳು.

ಶಿಕ್ಷಕರ ಕೋಣೆಯಲ್ಲಿ ಉತ್ತರ ಪತ್ರಿಕೆಗಳ ಕಟ್ಟುಗಳ ನಡುವೆ ಗಣಿತದ ಮೇಡಂ ಕೂತಿದ್ದರು. ಮಗಳ ಕ್ಲಾಸ್ ಟೀಚರೂ ಅವರೇ. ಮಗಳು ಮೇಜಿನ ಪಕ್ಕ ಚಪ್ಪಲಿಯ ತುದಿ ನೋಡುತ್ತಾ ನಿಂತಿದ್ದಳು.

"ಕೂತ್ಕೊಳ್ಳಿ ಅಮ್ಮ. ಗಾಬರಿಯಾಗುವಂಥದ್ದು ಏನಿಲ್ಲ," ಎಂದರು ಮೇಡಂ. "ಹೋದ ವರ್ಷ ಚೆನ್ನಾಗಿ ಮಾಡ್ತಿದ್ಲು. ಈಗ ಗಣಿತದಲ್ಲೂ ವಿಜ್ಞಾನದಲ್ಲೂ ಇಳಿದಿದ್ದಾಳೆ. ಮಧ್ಯಾಹ್ನದ ಕ್ಲಾಸಲ್ಲಿ ಕೂತಲ್ಲೇ ತೂಕಡಿಸ್ತಾಳೆ. ಮನೇಲಿ ಓದ್ತಾಳಾ?"

"ಓದ್ದೇ ಏನು ಮೇಡಂ! ದಿನಕ್ಕೆ ಏಳು ಗಂಟೆ!" ಬ್ರೆಡ್ಡಕ್ಕನ ದನಿಯಲ್ಲಿ ಹೆಮ್ಮೆಯೂ ಇತ್ತು, ಅಳುವೂ ಇತ್ತು.

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಸ್ಕೂಲು ಬಿಟ್ಟು ಏಳಾ? ಹಾಗಾದ್ರೆ ಮಲಗೋದು ಯಾವಾಗ?"

ಮಗಳು ಹೇಳಿದಳು. ಹಾಸಿಗೆಗೆ ಹೋಗುವುದು ಹತ್ತೂವರೆಗೆ. ಏಳುವುದು ನಾಲ್ಕೂವರೆಗೆ. ನಡುವೆ ಎಷ್ಟೋ ಹೊತ್ತು ನಿದ್ದೆ ಬರುವುದಿಲ್ಲ.

"ಅದೇ ಮತ್ತೆ. ಈ ವಯಸ್ಸಿನ ಮಕ್ಕಳಿಗೆ ಎಂಟು ಗಂಟೆ ನಿದ್ದೆ ಬೇಕೇ ಬೇಕು ಅಮ್ಮ. ನಿದ್ದೆ ಕೆಟ್ರೆ ಓದಿದ್ದು ತಲೇಲಿ ನಿಲ್ಲಲ್ಲ. ಇಲ್ಲೇ ಆರು ಗಂಟೆ ಪಾಠ ಕೇಳಿರ್ತಾಳೆ. ಸ್ಕೂಲಿದ್ದ ದಿನ ಮನೇಲಿ ಮೂರು ಗಂಟೆ ಸಾಕು. ರಜಾ ದಿನ ಐದು."

"ಮೂರೇ?" ಬ್ರೆಡ್ಡಕ್ಕನ ಮುಖ ಸಪ್ಪಗಾಯಿತು. ಅಂಗಡಿಯವನು ತೂಕದಲ್ಲಿ ಮೋಸ ಮಾಡುತ್ತಿದ್ದಾನೇನೋ ಎಂಬಂತೆ ಮೇಡಂ ಮುಖ ನೋಡಿದಳು. "ಮೂರು ಸಾಕಾಗುತ್ತಾ ಮೇಡಂ? ಇವಳ ಮಾವ ಹೇಳಿದ್ದು..."

"ಕಲ್ಲಲ್ಲಿ ಕೊರೆದ ಲೆಕ್ಕ ಅಲ್ಲ ಇದು. ಕೆಲವರಿಗೆ ಎರಡೂವರೆ ಸಾಕು, ಕೆಲವರಿಗೆ ಮೂರೂವರೆ ಬೇಕು. ಮೂರರಿಂದ ಶುರು ಮಾಡೋಣ. ಎರಡು ವಾರ ನೋಡೋಣ. ಆದ್ರೆ ಆ ಮೂರು ಗಂಟೆ ನಿಜವಾದ ಓದಾಗಿರ್ಬೇಕು. ಮುಕ್ಕಾಲು ಗಂಟೆ ಓದು, ಹತ್ತು ನಿಮಿಷ ಎದ್ದು ಓಡಾಡು. ಪುಸ್ತಕ ಮುಚ್ಚಿ ಲೆಕ್ಕ ಮಾಡು. ಓದಿದ್ದನ್ನ ನೋಡದೆ ಯಾರಿಗಾದ್ರೂ ಹೇಳು." ಮೇಡಂ ಮಗಳ ಕಡೆ ತಿರುಗಿದರು. "ನಿಜ ಹೇಳು, ಏಳು ಗಂಟೇಲಿ ಎಷ್ಟು ಹೊತ್ತು ತಲೆಗೆ ಹೋಗ್ತಿತ್ತು?"

ಮಗಳು ತಾಯಿಯ ಕಡೆ ನೋಡದೆಯೇ ಹೇಳಿದಳು.

"ಮೊದಲೆರಡು ಗಂಟೆ ಹೋಗುತ್ತೆ ಮೇಡಂ. ಆಮೇಲೆ ಅಕ್ಷರ ಎಲ್ಲಾ ಇರುವೆ ಥರ ಕಾಣುತ್ತೆ. ರಾತ್ರಿ ನಾನು... ಒಂದೇ ಪಾಠ ಗಟ್ಟಿಯಾಗಿ ಓದ್ತಿದ್ದೆ. ದಿನಾ ಅದೇ. ಅಮ್ಮಂಗೆ ಕೇಳ್ಲಿ ಅಂತ."

ಬ್ರೆಡ್ಡಕ್ಕನಿಗೆ ಸಸ್ಯ, ನೀರು, ಬೇರು ನೆನಪಾದವು. ಎಷ್ಟು ರಾತ್ರಿಗಳಿಂದ ಅದೇ ಸಸ್ಯ, ಅದೇ ಬೇರು! ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಾಗಿಲ ಆಚೆ ಕೂತ ಮಗಳೂ ತನ್ನ ಹಾಗೆಯೇ ಗೋಡೆಯನ್ನು ದಾಟಲು ದನಿಯೊಂದನ್ನೇ ನೆಚ್ಚಿಕೊಂಡಿದ್ದಳಲ್ಲ ಎನ್ನಿಸಿತು.

"ನಂಗೆ ಯಾಕೆ ಹೇಳ್ಲಿಲ್ಲ ಪುಟ್ಟಿ?"

"ನೀನು ಅಷ್ಟು ಬೇಗ ಎದ್ದು ಕೆಲಸಕ್ಕೆ ಹೋಗ್ತೀಯ. ನಾನು ಓದಕ್ಕಾಗಲ್ಲ ಅಂತ ಹೆಂಗೆ ಹೇಳ್ಲಿ?"

ಮೇಡಂ ಎದ್ದು ಕಿಟಕಿ ತೆರೆಯುವ ನೆಪದಲ್ಲಿ ಬೆನ್ನು ತಿರುಗಿಸಿ ನಿಂತರು.

ಅಂದು ಸಂಜೆ ತಾಯಿ ಮಗಳು ಅಡುಗೆಮನೆಯ ನೆಲದ ಮೇಲೆ ಕೂತು ಹೊಸ ಪಟ್ಟಿ ಮಾಡಿದರು. ಬೆಳಿಗ್ಗೆ ಆರಕ್ಕೆ ಏಳುವುದು. ನಸುಕಿನ ಫೋನು ಬಂದ್. ಶಾಲೆಯಿಂದ ಬಂದು ಆರರವರೆಗೆ ಪುಸ್ತಕ ಮುಟ್ಟುವಂತಿಲ್ಲ. ಆಮೇಲೆ ಮುಕ್ಕಾಲು ಗಂಟೆಯ ಎರಡು ಸುತ್ತು. ನಂತರ ಇಬ್ಬರೂ ಒಟ್ಟಿಗೆ ಊಟ. ತಾಯಿ ಮಲಗಿದ ಮೇಲೆ ಮತ್ತೆರಡು ಸುತ್ತು. ಹತ್ತಕ್ಕೆ ದೀಪ ಆರಿಸುವುದು. ಕಷ್ಟದ ಗಣಿತ ಮೊದಲ ಸುತ್ತಿಗೆ, ಭಾಷೆ ಕೊನೆಯದಕ್ಕೆ ಎಂದು ಮಗಳೇ ತೀರ್ಮಾನಿಸಿದಳು.

ಅಣ್ಣನಿಗೆ ವಿಷಯ ತಿಳಿದು ಫೋನಿನಲ್ಲಿ ಹಾರಾಡಿದ. "ನಿಮಗೇನು ತಲೆ ಕೆಟ್ಟಿದ್ಯಾ? ಊರವರೆಲ್ಲ ಓದೋ ಹೊತ್ತಲ್ಲಿ ಇವಳು ಹರಟೆ ಹೊಡೀತಾಳಾ?"

"ಅಣ್ಣಾ, ಏಳು ಗಂಟೆ ಕೂರ್ಸಿ ನೋಡಿದ್ವಿ, ಅಂಕ ಇಳೀತು. ಇನ್ನೆರಡು ವಾರ ಹೀಗೆ ನೋಡ್ತೀವಿ. ನೀನು ಬಾ, ಊಟ ಮಾಡ್ಕೊಂಡು ಹೋಗು. ಪಟ್ಟಿ ಮಾತ್ರ ತರಬೇಡ," ಎಂದಳು ಬ್ರೆಡ್ಡಕ್ಕ. ಅಣ್ಣನಿಗೆ ಎದುರಾಡಿದ್ದು ಅದೇ ಮೊದಲು.

ಮಗಳು ಮತ್ತೆ ಹೊಸ್ತಿಲಿಗೆ ಬಂದಳು. ಮೊದಮೊದಲು ಇಬ್ಬರಿಗೂ ಮಾತು ಸಿಗಲಿಲ್ಲ. ತಿಂಗಳುಗಟ್ಟಲೆ ಮುಚ್ಚಿದ್ದ ನಲ್ಲಿಯ ಹಾಗೆ ತೊಟ್ಟು ತೊಟ್ಟಾಗಿ ಬಂತು. ಆಮೇಲೆ ಧಾರಾಳವಾಯಿತು. ಮೇಡಂ ಹೇಳಿದಂತೆ ಅವಳು ಓದಿದ್ದನ್ನೂ ತಾಯಿಗೆ ಹೇಳತೊಡಗಿದಳು. ಬೆಳಕು ಕನ್ನಡಿಗೆ ಬಡಿದು ಹೇಗೆ ತಿರುಗುತ್ತದೆ ಎಂದು ಸ್ಟೀಲ್ ತಟ್ಟೆ ಹಿಡಿದು ತೋರಿಸಿದಳು. ತಾಯಿ "ಯಾಕೆ?" ಎಂದು ಕೇಳಿದರೆ ಕೆಲವೊಮ್ಮೆ ತಡವರಿಸುತ್ತಿದ್ದಳು, ಪುಸ್ತಕ ನೋಡಿ ಬರುತ್ತೇನೆಂದು ಓಡುತ್ತಿದ್ದಳು. ಹೇಳುವುದನ್ನು ಕೇಳುತ್ತಾ ಕೇಳುತ್ತಾ ಬ್ರೆಡ್ಡಕ್ಕನಿಗೆ ತನ್ನ ಕೈಯಿಂದ ಜಾರಿಹೋದ ಆ ವರ್ಷ ನೆನಪಾಗುತ್ತಿತ್ತು. ನನಗೂ ಯಾರಾದರೂ ಮೂರು ಗಂಟೆ ಬಿಡಿಸಿ ಕೊಟ್ಟಿದ್ದರೆ? ಮಗಳಿಗೆ ಮುಖ ಕಾಣದ ಹಾಗೆ ಒಲೆಯ ಕಡೆ ತಿರುಗಿ ಸಾರು ಕದಡುತ್ತಿದ್ದಳು.

ಎರಡು ವಾರಕ್ಕೇ ಪವಾಡವೇನೂ ಆಗಲಿಲ್ಲ. ತೂಕಡಿಕೆ ಮಾತ್ರ ನಿಂತಿತು. ಮುಂದಿನ ಕಿರುಪರೀಕ್ಷೆಯಲ್ಲಿ ಗಣಿತ ಹಳೆಯ ಮಟ್ಟಕ್ಕೆ ಬಂತು. ವಿಜ್ಞಾನ ಹಿಂದೆಯೇ ಉಳಿದಿದ್ದರಿಂದ ಮೇಡಂ ಅರ್ಧ ಗಂಟೆ ಸೇರಿಸಲು ಹೇಳಿದರು. ಅದಕ್ಕೂ ನಿದ್ದೆಯಿಂದ ಕದಿಯದೆ, ಆರರ ಬದಲು ಐದೂವರೆಗೆ ಓದು ಶುರು ಮಾಡಿ ಜಾಗ ಮಾಡಿದರು.

ಕೊನೆಯ ಪರೀಕ್ಷೆಗೆ ಓದಲು ರಜೆ ಬಿಟ್ಟಾಗ ಭಯ ಹಿಡಿದದ್ದು ಮಗಳಿಗೆ. "ಅಮ್ಮ, ಹತ್ತು ಗಂಟೆ ಓದ್ಬಿಡ್ಲಾ? ಎಲ್ಲಾರೂ ಓದ್ತಿದ್ದಾರಂತೆ."

ಹಳೆಯ ಬ್ರೆಡ್ಡಕ್ಕನಾಗಿದ್ದರೆ ತಕ್ಷಣ ಹ್ಞೂಂ ಎನ್ನುತ್ತಿದ್ದಳು. "ಪರೀಕ್ಷೆ ಹತ್ರ ಬಂತಲ್ಲ, ಐದರ ಬದಲು ಆರು ಓದು. ತೀರಾ ಬೇಕಂದ್ರೆ ಇನ್ನೊಂದು. ಹಳೇ ಪ್ರಶ್ನೆಪತ್ರಿಕೆ ಬರೆದು ನೋಡು ಅಂದಿದ್ದಾರಲ್ಲ ಮೇಡಂ. ಪರೀಕ್ಷೆ ಹಿಂದಿನ ದಿನ ನಿದ್ದೆಗೆಟ್ಟು ಓದೋ ಮಾತೇ ಇಲ್ಲ," ಎಂದಳು. ಮಗಳು ಗೊಣಗುತ್ತಾ ಒಪ್ಪಿದಳು.

ಫಲಿತಾಂಶ ಬಂತು. ಶಾಲೆಗೆ ಮೊದಲಿಗಳೇನಲ್ಲ, ಆದರೆ ಅವಳು ಬಯಸಿದ ನರ್ಸಿಂಗ್ ದಾರಿಗೆ ಬೇಕಾದ ವಿಜ್ಞಾನ ವಿಭಾಗದಲ್ಲಿ ಸೀಟು ಸಿಗುವಷ್ಟು ಚೆನ್ನಾಗಿತ್ತು. ಕಾಲೇಜು ಬೇರೆ ಊರಲ್ಲಿ, ಅಲ್ಲಿಯೇ ಹಾಸ್ಟೆಲು. ಬಸ್ಸಿನ ಕಿಟಕಿಯಿಂದ ಮಗಳು ಕೈ ಬೀಸುವಾಗ ಬ್ರೆಡ್ಡಕ್ಕ ನಗುತ್ತಲೇ ನಿಂತಿದ್ದಳು. ಬಸ್ಸು ತಿರುವು ದಾಟಿದ ಮೇಲೂ ಅಲ್ಲೇ ನಿಂತಿದ್ದಳು.

ಈಗಲೂ ಅವಳು ಬೇಕರಿಯಿಂದ ಬಂದು ಮಲಗಿ ಏಳುತ್ತಾಳೆ. ಸಂಜೆ ಬೀದಿಯಲ್ಲಿ ಶಾಲೆ ಬಿಟ್ಟ ಮಕ್ಕಳ ಗಲಾಟೆ ಕೇಳಿದರೆ ಕಿವಿ ತಾನಾಗಿ ನಿಮಿರುತ್ತದೆ. ಹತ್ತನೇ ಕ್ಲಾಸಿನ ಆ ಕೊನೆಯ ಸಂಜೆಗಳನ್ನೂ ಏಳು ಗಂಟೆಯ ಪಟ್ಟಿಗೇ ಕೊಟ್ಟುಬಿಟ್ಟಿದ್ದರೆ ಇವತ್ತು ನೆನೆಯಲು ನನ್ನ ಹತ್ತಿರ ಏನಿರುತ್ತಿತ್ತು ಎಂದು ಒಮ್ಮೊಮ್ಮೆ ಅಂದುಕೊಳ್ಳುತ್ತಾಳೆ. ಆಮೇಲೆ ಎದ್ದು ಒಬ್ಬಳಿಗೆ ಸಾಕಾಗುವಷ್ಟು ತರಕಾರಿ ತೆಗೆದುಕೊಂಡು ಹೆಚ್ಚಲು ಕೂರುತ್ತಾಳೆ.