ಟೆಸ್ಟ್ ಆರ್ಡರ್

ಹೊನ್ನಾಳಿಯಲ್ಲಿ ಅಣ್ಣ ಬೇಕರಿ ತೆರೆದಾಗ ಅದಕ್ಕೊಂದು ವೆಬ್‌ಸೈಟ್ ಬೇಕೆಂಬ ಹಟ ನನ್ನದು. ಮೂವತ್ತು ದಿನದ ಕೆಲಸವನ್ನು ವಾರವಾರಕ್ಕೆ ಹಂಚಿ, ಬರೆದು, ಗೋಡೆಗೆ ಅಂಟಿಸಿದೆ. ಮೊದಲ ವಾರ ವೆಬ್‌ಸೈಟಿಗೆ ಹೆಸರು ಕೊಳ್ಳುವುದು, ತಿನಿಸುಗಳ ಫೋಟೊ ತೆಗೆಯುವುದು. ಎರಡನೆಯ ವಾರ ದರಪಟ್ಟಿ, ಆರ್ಡರ್ ತಲುಪಿದೊಡನೆ ಗಿರಾಕಿಗಳಿಗೆ ತಾನಾಗಿ ಹೋಗುವ ಮೆಸೇಜು.

"ಕೊನಿಗೆ ಮತ್ತೆ ಬನ್ನಿ ಅಂತ ಹಾಕು. ಸುಮ್ನೆ ಕಳಿಸಿದ್ರೆ ಚೆಂದಿರಲ್ಲ" ಎಂದ ಅಣ್ಣ. ಹಾಕಿದೆ.

ಮೂರನೆಯ ವಾರ ನಾವೇ ಆರ್ಡರ್ ಮಾಡಿ ನೋಡುವುದು. ಅಣ್ಣ ಹಿಟ್ಟು ಮೆತ್ತಿದ ಬೆರಳಲ್ಲೇ ತನ್ನ ಫೋನಿನಿಂದ ಬರೆದ: ಖಾರ ಬಿಸ್ಕತ್ತು ಕಾಲು ಕೇಜಿ, ತಂಗಿಗೆ, ಕೆಂಪಗೆ ಬೇಯಲಿ.

"ಟೆಸ್ಟ್ ಮಾಡಾಕೆ ಇಷ್ಟೆಲ್ಲ ಬರೀಬೇಕಾ?" ಎಂದು ರೇಗಿದೆ.

"ಆರ್ಡರ್ ಅಂದ್ಮೇಲೆ ಆರ್ಡರ್ರೇ. ನಾಳೆ ಮಾಡಿ ಕೊಡ್ತೀನಿ ತಗಾ."

ಮರುದಿನ ಬೆಳಿಗ್ಗೆ ಹಿಟ್ಟು ನಾದುತ್ತಿದ್ದವನು ಎದೆ ಹಿಡಿದುಕೊಂಡು ಕುಸಿದ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟಿದ್ದ.

ಎರಡು ತಿಂಗಳಾದ ಮೇಲೆ ಅತ್ತಿಗೆ ಬೇಕರಿಯ ಬಾಗಿಲು ತೆಗೆದರು. ಗೋಡೆಯ ಪಟ್ಟಿಯಲ್ಲಿ ನಾಲ್ಕನೆಯ ವಾರ ಹಾಗೇ ಉಳಿದಿತ್ತು. ಅದರ ಮೊದಲ ಕೆಲಸ, ಟೆಸ್ಟ್ ಆರ್ಡರುಗಳನ್ನು ಅಳಿಸುವುದು. ಉಳಿದವನ್ನೆಲ್ಲ ಅಳಿಸಿ, ಅಣ್ಣ ಬರೆದದ್ದನ್ನು ಮಾತ್ರ ತೆರೆದಿಟ್ಟುಕೊಂಡೆ. ಅತ್ತಿಗೆ ಬಗ್ಗಿ ಓದಿದರು. ಒಳಗೆ ಹೋಗಿ, ಖಾರ ಬಿಸ್ಕತ್ತನ್ನು ಕೆಂಪಗೆ ಬೇಯಿಸಿ ತಂದು ನನ್ನ ಕೈಗಿಟ್ಟರು.

"ಅಳಿಸಬ್ಯಾಡ. ಕೊಟ್ಟಾಯ್ತು ಅಂತ ಒತ್ತು."

ಒತ್ತಿದೆ. ಚಾರ್ಜಿಗಿಟ್ಟಿದ್ದ ಅಣ್ಣನ ಫೋನು ಟಿಣ್ಣೆಂದಿತು. ಅತ್ತಿಗೆ ಎತ್ತಿಕೊಂಡು ಓದಿದರು: "ನಿಮ್ಮ ಆರ್ಡರ್ ತಲುಪಿದೆ. ಮತ್ತೆ ಬನ್ನಿ."